ಎಣ್ಣೆಗೆ ಎಣ್ಣೆಯ ಕೆಲಸ ಮಾತ್ರ ಕೊಡಿ

ಹೋದ ವಾರ ಊರಿಂದ ಹೊರಡುವಾಗ ಅಮ್ಮ ಎಂದಿನ ಹಾಗೆ ಬ್ಯಾಗಿನೊಳಗೆ ಒಂದು ಬಾಟಲಿ ತುರುಕಿದಳು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರು, ಅದರ ಮೇಲೆ ಎರಡು ರಬ್ಬರ್ ಬ್ಯಾಂಡು, ಎಲ್ಲದರ ಸುತ್ತ ಅಪ್ಪನ ಹಳೇ ಪಂಚೆಯ ತುಂಡು. ಒಳಗಿದ್ದದ್ದು ದಾಸವಾಳ, ನೆಲ್ಲಿಕಾಯಿ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. "ವಾರಕ್ಕೆ ಎರಡು ಸಲ ಹಚ್ಚು ಮಾರಾಯ, ಮುಂದಿನ ಸಲ ಬರೋ ಹೊತ್ತಿಗೆ ಮುಂದಲೆಯಲ್ಲಿ ಕೂದಲು ಬಂದಿರ್ತದೆ" ಅಂದಳು. ಇನ್ನೂ ಮೂವತ್ತು ತುಂಬಿಲ್ಲ, ನನ್ನ ಹಣೆ ಆಗಲೇ ನೆತ್ತಿಯ ಕಡೆ ಪ್ರಯಾಣ ಹೊರಟಿದೆ :-)

ಬಾಟಲಿ ತಗೊಂಡೆ. ಆ ಮಾತನ್ನ ಮಾತ್ರ ಅಲ್ಲೇ ಬಿಟ್ಟು ಬಂದೆ. ಯಾಕೆ ಅಂತ ಹೇಳೋದಕ್ಕೇ ಈ ಬರಹ.

ಈ ಎಣ್ಣೆಯ ವಿಷಯ ಬಂದಾಗ ನನಗೆ ಎರಡು ಗುಂಪಿನ ಜೊತೆ ಜಗಳ ಇದೆ. ಮೊದಲನೆಯದು "ಮೂರೇ ತಿಂಗಳಲ್ಲಿ ಮೊಣಕಾಲುದ್ದ ಕೂದಲು" ಗುಂಪು. ಇವರು ವಾಟ್ಸಾಪಿನಲ್ಲಿದ್ದಾರೆ, ಯೂಟ್ಯೂಬಿನಲ್ಲಿದ್ದಾರೆ, ನಮ್ಮ ನಿಮ್ಮ ಮನೆಗಳಲ್ಲೂ ಇದ್ದಾರೆ. ಎರಡನೆಯದು ನನ್ನ ಆಫೀಸಿನ ಗುಂಪು. ಎಣ್ಣೆ ಹಚ್ಚಿಕೊಂಡು ಬಂದರೆ ಮೂಗು ಮುರಿದು, "ಇದೆಲ್ಲ ಅಜ್ಜಿ ಕಾಲದ ಮೂಢನಂಬಿಕೆ" ಅನ್ನೋರು. ಮೊದಲನೆಯವರು ಎಣ್ಣೆಗೆ ಅದರ ಕೈಲಾಗದ ಕೆಲಸ ಹೊರಿಸ್ತಾರೆ. ಎರಡನೆಯವರು ಅದು ಮಾಡೋ ಕೆಲಸವನ್ನೂ ಒಪ್ಪೋದಿಲ್ಲ. ಎರಡೂ ತಪ್ಪು. ಆದರೆ ಮೊದಲನೆಯವರಿಂದ ಆಗೋ ಹಾನಿ ದೊಡ್ಡದು. ಅದನ್ನ ನಮ್ಮ ಮನೆಯಲ್ಲೇ ನೋಡಿದ್ದೇನೆ, ಆಮೇಲೆ ಹೇಳ್ತೀನಿ.

ಮೊದಲು ಬಾಣಲೆಯ ಹತ್ತಿರ ಹೋಗೋಣ.

ಒಂದು ಸರಳ ಪ್ರಶ್ನೆ. ಕಡುಕೆಂಪು ದಾಸವಾಳ ಹಾಕಿ ಕಾಯಿಸಿದ ಎಣ್ಣೆ ಎಂದಾದರೂ ಕೆಂಪಾಗಿದ್ದು ನೋಡಿದ್ದೀರಾ? ನಾನು ನೋಡಿಲ್ಲ. ಇಪ್ಪತ್ತೈದು ಹೂ ಹಾಕಿದರೂ ಎಣ್ಣೆ ಹಸಿರಾಗ್ತದೆ ಹೊರತು ಕೆಂಪಾಗೋದಿಲ್ಲ. ಅದೇ ಹೂವಿನ ಎರಡು ಎಸಳನ್ನ ಬಿಸಿನೀರಿಗೆ ಹಾಕಿ ನೋಡಿ, ಐದು ನಿಮಿಷದಲ್ಲಿ ನೀರು ಬಣ್ಣ ಎಳೆದುಕೊಳ್ತದೆ. ಕಾರಣ ಇಷ್ಟೇ, ಆ ಕೆಂಪು ಬಣ್ಣ ನೀರಿನಲ್ಲಿ ಕರಗುವಂಥದ್ದು, ಎಣ್ಣೆಯಲ್ಲಿ ಕರಗೋದಿಲ್ಲ. ಕರಿಬೇವಿನ ಹಸಿರು ಎಣ್ಣೆಯಲ್ಲಿ ಕರಗುವಂಥದ್ದು, ಅದಕ್ಕೇ ಎಣ್ಣೆ ಹಸಿರು.

ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ವಾದ ಮುಗೀತು. ದಾಸವಾಳದ ಲೋಳೆಯೂ ನೀರಿನದ್ದೇ. ನೆಲ್ಲಿಕಾಯಿಯ ಸಿ ವಿಟಮಿನ್ ನೀರಿನದ್ದೇ, ಅದರ ಒಗರು ಕೂಡ ನೀರಿನದ್ದೇ. "ನೆಲ್ಲಿಕಾಯಿಯಲ್ಲಿ ಸಿ ವಿಟಮಿನ್ ತುಂಬಾ ಇದೆ, ಆದ್ದರಿಂದ ಈ ಎಣ್ಣೆ ಕೂದಲಿಗೆ ಒಳ್ಳೆಯದು" ಅನ್ನೋ ಸಾಲು ಪ್ರತಿ ವಿಡಿಯೋದಲ್ಲೂ ಇರ್ತದೆ. ನೆಲ್ಲಿಕಾಯಿಯಲ್ಲಿ ಇರೋದು ನಿಜ. ಆದರೆ ಮುಕ್ಕಾಲು ಗಂಟೆ ಎಣ್ಣೆಯಲ್ಲಿ ಕಾಯಿಸಿದ ಮೇಲೆ ಅದರಲ್ಲಿ ಒಂದಷ್ಟು ಬಿಸಿಗೆ ನಾಶವಾಗಿರ್ತದೆ, ಉಳಿದದ್ದು ಸೋಸಿ ಎಸೆಯೋ ಗಸಿಯಲ್ಲಿರ್ತದೆ. ಬಾಟಲಿಗೆ ಬರೋದು ಎಲೆಯ ಹಸಿರು, ಒಂದಿಷ್ಟು ಹಳದಿ ಬಣ್ಣ, ಕರಿಬೇವಿನ ಘಮ, ಹೀಗೆ ಎಣ್ಣೆಗೆ ಒಗ್ಗುವ ಕೆಲವು ಪದಾರ್ಥಗಳು. ಅಷ್ಟೆ.

ನಮ್ಮ ಅಜ್ಜಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ದಾಸವಾಳದ ಲೋಳೆ ಬೇಕಾದಾಗ ಅವಳು ಎಣ್ಣೆಗೆ ಹೋಗ್ತಿರಲಿಲ್ಲ. ಹಿತ್ತಿಲಿಂದ ಒಂದು ಹಿಡಿ ದಾಸವಾಳದ ಸೊಪ್ಪು ಕಿತ್ತು, ನೀರಿನಲ್ಲಿ ಹಾಕಿ ಕಿವುಚಿ, ಆ ಲೋಳೆಯಲ್ಲಿ ತಲೆ ತೊಳೀತಿದ್ದಳು. ಎಣ್ಣೆ ಬೇರೆ, ಲೋಳೆ ಬೇರೆ, ಎರಡಕ್ಕೂ ಬೇರೆ ಬೇರೆ ಕೆಲಸ. ನಾವು ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಿ ಎಲ್ಲ ಗುಣವೂ ಒಂದೇ ಬಾಟಲಿಗೆ ಬರಬೇಕು ಅಂತ ಕೂತಿದ್ದೇವೆ.

"ಹಾಗಾದ್ರೆ ಕೂದಲು ಬೆಳೀತದೆ ಅಂತ ವಿಜ್ಞಾನಿಗಳೇ ಹೇಳಿದ್ದಾರಲ್ಲ?" ಅಂತ ಕೇಳ್ತೀರಿ, ಗೊತ್ತು. ದಾಸವಾಳದ ಬಗ್ಗೆ ಎಲ್ಲರೂ ತೋರಿಸೋದು 2003ರ ಒಂದು ಸಂಶೋಧನೆಯನ್ನ. ಅದರಲ್ಲಿ ನಿಜಕ್ಕೂ ಕೂದಲು ಉದ್ದ ಬಂತು. ಬಂದದ್ದು ಬೋಳಿಸಿದ ಬಿಳಿ ಇಲಿಗಳ ಮೈಮೇಲೆ! ಹಚ್ಚಿದ್ದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿದ ದಾಸವಾಳ ಅಲ್ಲ, ಪೆಟ್ರೋಲಿಯಂ ಈಥರ್ ಅನ್ನೋ ದ್ರಾವಕದಲ್ಲಿ ಸಾರ ತೆಗೆದು ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಬೆರೆಸಿದ್ದು. ಇನ್ನೊಂದು ತಮಾಷೆ, ಅಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಹೂವಿಗಿಂತ ಎಲೆಯ ಸಾರ. ನಾವು ಎಲೆ ಬಿಟ್ಟು ಹೂ ಕುಯ್ಯುತ್ತಾ ಇದ್ದೇವೆ. ಸಂಶೋಧನೆ ಕೆಟ್ಟದ್ದು ಅಂತ ಹೇಳ್ತಿಲ್ಲ. ಇಲಿಯ ಬೆನ್ನಿಂದ ನಮ್ಮ ನೆತ್ತಿಗೆ, ಈಥರಿನಿಂದ ಬಾಣಲೆಗೆ ಒಂದೇ ನೆಗೆತದಲ್ಲಿ ಹಾರಬೇಡಿ ಅಂತ ಅಷ್ಟೇ.

ಈಗ ಆಫೀಸಿನ ಗುಂಪಿಗೆ ಬರ್ತೀನಿ. ಇವರೂ ಅದೇ 2003ರಲ್ಲಿ ಬಂದ ಇನ್ನೊಂದು ಸಂಶೋಧನೆ ಓದಬೇಕು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಈ ಮೂರನ್ನೂ ಕೂದಲಿಗೆ ಹಚ್ಚಿ, ತೊಳೆದು ಬಾಚಿದಾಗ ಕೂದಲಿನಿಂದ ಎಷ್ಟು ಪ್ರೋಟೀನು ಕಳೆದುಹೋಗ್ತದೆ ಅಂತ ಅಳೆದಿದ್ದರು. ನಷ್ಟ ಗಮನಾರ್ಹವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದನ್ನ ಮಾಡಿದವರು ಕೊಬ್ಬರಿ ಎಣ್ಣೆ ಮಾರೋ ಕಂಪನಿಯ ಸಂಶೋಧಕರೇ, ಆದ್ದರಿಂದ ಒಂದು ಚಿಟಿಕೆ ಅನುಮಾನ ಇಟ್ಟುಕೊಂಡೇ ಓದಿ. ಆದರೆ ಅವರು ಕೊಟ್ಟ ಕಾರಣ ಅರ್ಥವಾಗುವಂಥದ್ದು. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರೋದು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೆಟ್ಟಗಿನದು, ಕೂದಲಿನ ಪ್ರೋಟೀನಿಗೆ ಅಂಟಿಕೊಳ್ಳೋ ಸ್ವಭಾವದ್ದು, ಹಾಗಾಗಿ ಎಳೆಯ ಒಳಗೆ ಇಳೀತದೆ. ಮಿನರಲ್ ಆಯಿಲ್ ಮೇಲೇ ಕೂರ್ತದೆ. ಕೂದಲು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಹೀಗೆ ಪ್ರತಿ ಸ್ನಾನಕ್ಕೂ ಸ್ವಲ್ಪ ಸವೀತದೆ. ಒಳಗೆ ಇಳಿದ ಎಣ್ಣೆ ಆ ಸವೆತಕ್ಕೆ ತಡೆ ಹಾಕ್ತದೆ.

ಅಂದರೆ ಈ ಎಣ್ಣೆಯ ಕೆಲಸ ನಡೆಯೋದು ಕೂದಲಿನ ಎಳೆಯಲ್ಲಿ. ಬೇರಿನಲ್ಲಿ ಅಲ್ಲ. ಮಾಡೋದು ಬಹುಪಾಲು ಕೊಬ್ಬರಿ ಎಣ್ಣೆ, ಹೂವು ಎಲೆ ಜೊತೆಗಾರರು. ಅಷ್ಟಕ್ಕೇ ಒಪ್ಪಿಕೊಂಡರೆ ಇದು ಬಹಳ ಒಳ್ಳೆಯ ಎಣ್ಣೆ.

ಸರಿ, ಹಾಗಿದ್ದರೆ ಸರಿಯಾಗಿ ಮಾಡೋದು ಹೇಗೆ? ಇಲ್ಲೂ ವಿಡಿಯೋಗಳ ಮೇಲೆ ನನಗೆ ಸಿಟ್ಟಿದೆ. ಎಲ್ಲರೂ ಏನೇನು ಹಾಕಬೇಕು ಅಂತ ಹೇಳ್ತಾರೆ, ಯಾವಾಗ ನಿಲ್ಲಿಸಬೇಕು ಅಂತ ಯಾರೂ ಹೇಳೋದಿಲ್ಲ. "ಹತ್ತು ನಿಮಿಷ ಕುದಿಸಿ, ಬಣ್ಣ ಬದಲಾದ ಮೇಲೆ ಆಫ್ ಮಾಡಿ" ಅಂತೆ. ಇಡೀ ಕೆಲಸದ ಗುಟ್ಟು ಇರೋದೇ ನಿಲ್ಲಿಸೋದರಲ್ಲಿ.

ಕಳೆದ ದೀಪಾವಳಿಗೆ ಊರಲ್ಲಿದ್ದಾಗ ಅಡಿಗೆಮನೆಯ ತಕ್ಕಡಿ ಇಟ್ಟುಕೊಂಡು ಅಮ್ಮನ ಜೊತೆ ಕೂತೆ. ("ಇವನಿಗೆ ಬೇರೆ ಕೆಲಸ ಇಲ್ಲ" ಅಂತ ಅಪ್ಪ.) ಅರ್ಧ ಲೀಟರ್ ಎಣ್ಣೆಗೆ ನಾವು ತಗೊಂಡದ್ದು ಬೀಜ ತೆಗೆದ ಬೆಟ್ಟದ ನೆಲ್ಲಿಕಾಯಿ 200 ಗ್ರಾಂ, ತೊಟ್ಟು ಬಿಡಿಸಿದ ದಾಸವಾಳ ಸುಮಾರು 80 ಗ್ರಾಂ, ಕರಿಬೇವು 50 ಗ್ರಾಂ. ಒಟ್ಟು 330 ಗ್ರಾಂ. ಈಗ ಲೆಕ್ಕ ಹಾಕಿ. ನೆಲ್ಲಿಕಾಯಿಯಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು. ಹೂವಿನಲ್ಲಿ ಅದಕ್ಕಿಂತ ಹೆಚ್ಚು, ಕರಿಬೇವಿನಲ್ಲಿ ಸುಮಾರು ಅರವತ್ತು ಚಿಲ್ಲರೆ. ಎಲ್ಲ ಕೂಡಿಸಿದರೆ ಸುಮಾರು ಕಾಲು ಲೀಟರ್ ನೀರು! ಅರ್ಧ ಲೀಟರ್ ಎಣ್ಣೆಗೆ ಕಾಲು ಲೀಟರ್ ನೀರು ಸುರೀತಿದ್ದೇವೆ, ಎಲೆ ಹೂವಿನ ವೇಷದಲ್ಲಿ. ಅದನ್ನ ಹತ್ತು ನಿಮಿಷದಲ್ಲಿ ಸಣ್ಣ ಉರಿಯಲ್ಲಿ ಓಡಿಸೋಕೆ ಆಗ್ತದಾ?

ಆ ನೀರು ಎಣ್ಣೆಯಲ್ಲಿ ಉಳಿದರೆ ಎಣ್ಣೆ ಕೆಡ್ತದೆ. ಎರಡು ಮೂರು ವಾರಕ್ಕೆ ತಳದಲ್ಲಿ ಮಸುಕು, ಮುಚ್ಚಳ ತೆಗೆದರೆ ಹುಳಿ ವಾಸನೆ, ಕೆಲವು ಸಲ ಬಾಟಲಿಯ ಕತ್ತಿನ ಹತ್ತಿರ ಬೂಷ್ಟು. ಇದನ್ನೇ ತಲೆಗೆ ತಿಕ್ಕಿಕೊಂಡು, ತುರಿಕೆ ಬಂದಾಗ "ಎಣ್ಣೆ ಕೆಲಸ ಮಾಡ್ತಿದೆ" ಅಂತ ಖುಷಿಪಟ್ಟವರು ನನಗೆ ಗೊತ್ತು.

ಹಾಗಾಗಿ ಅಮ್ಮನ ಮೊದಲ ಹೆಜ್ಜೆ ಒಲೆ ಹಚ್ಚೋದಲ್ಲ, ಒಣಗಿಸೋದು. ತೊಳೆದು, ಒರೆಸಿ, ನೆಲ್ಲಿಕಾಯಿ ತುರಿದು, ಎಲ್ಲವನ್ನೂ ಬಟ್ಟೆಯ ಮೇಲೆ ನೆರಳಿನಲ್ಲಿ ಎರಡು ದಿನ ಹರವಿದಳು. 330 ಗ್ರಾಂ ಇದ್ದದ್ದು 150ಕ್ಕೆ ಇಳಿಯಿತು. ನೀರು ಸುಮಾರು ಮೂರರಲ್ಲಿ ಎರಡು ಪಾಲು ಒಲೆಯಿಲ್ಲದೇ ಹೋಯ್ತು. ಮೋಡ ಇದ್ದರೆ, ಜಿಟಿಜಿಟಿ ಮಳೆ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಣಗೋ ಬದಲು ಮುಗ್ಗಲು ಹಿಡೀತದೆ.

ಆಮೇಲೆ ದಪ್ಪ ತಳದ ಅಗಲ ಪಾತ್ರೆ, ಸಣ್ಣ ಉರಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಯಾಕಂದರೆ ನೊರೆ ಏಳ್ತದೆ, ಉಕ್ಕಿದರೆ ಬೆಂಕಿ. ಮುಚ್ಚಳ ಹಾಕಲೇಬಾರದು. ಹಾಕಿದರೆ ಹೋಗಬೇಕಾದ ಆವಿ ತಣ್ಣಗಾಗಿ ಮತ್ತೆ ಎಣ್ಣೆಗೇ ಬೀಳ್ತದೆ. ನಾನು ಅಡಿಗೆಯ ಥರ್ಮಾಮೀಟರ್ ಒಂದನ್ನ ಇಳಿಬಿಟ್ಟೆ. ಮೊದಲ ಅರ್ಧ ಗಂಟೆ ಮುಳ್ಳು ನೂರು ಡಿಗ್ರಿಯ ಆಸುಪಾಸಿನಲ್ಲೇ ಕೂತಿತ್ತು, ಸ್ವಲ್ಪ ಮೇಲೆ, ಅಷ್ಟೇ. ನೀರು ಇರೋವರೆಗೂ ಒಲೆಯ ಶಾಖ ಅದನ್ನ ಆವಿ ಮಾಡೋದಕ್ಕೇ ಖರ್ಚಾಗ್ತದೆ, ಎಣ್ಣೆ ಹೆಚ್ಚು ಬಿಸಿಯಾಗೋದಿಲ್ಲ. ನೀರು ಮುಗಿಯುತ್ತಿದ್ದಂತೆ ಮುಳ್ಳು ಓಡೋಕೆ ಶುರು. ಹತ್ತು, ಇಪ್ಪತ್ತು ಡಿಗ್ರಿ ಏರೋದಕ್ಕೆ ಎರಡು ಮೂರು ನಿಮಿಷ ಸಾಕು. ಆ ಎರಡು ಮೂರು ನಿಮಿಷದಲ್ಲಿ ನೀವು ಫೋನ್ ನೋಡ್ತಾ ನಿಂತಿದ್ದರೆ ಎಲೆ ಕರಟಿ ಎಣ್ಣೆ ಕಪ್ಪಾಯ್ತು ಅಂತಲೇ ಲೆಕ್ಕ.

ಅಮ್ಮನಿಗೆ ಥರ್ಮಾಮೀಟರ್ ಬೇಕಾಗಲಿಲ್ಲ. ಅವಳು ಒಲೆಗೆ ಬೆನ್ನು ಹಾಕಿ ತರಕಾರಿ ಹೆಚ್ತಾ ಇದ್ದಳು. ನನ್ನ ಮುಳ್ಳು ಅಲುಗಾಡಿದ ಕ್ಷಣಕ್ಕೇ ತಿರುಗಿ "ಸದ್ದು ನಿಂತು, ಒಲೆ ಆರ್ಸು" ಅಂದಳು. ನಾನು ಬೆಪ್ಪಾದೆ. ಅವಳು ಕಿವಿಯಲ್ಲೇ ಅಳೀತಿದ್ದಳು. ಮೊದಲು ಚಟಪಟ, ಆಮೇಲೆ ಸೊಂಯ್ ಅಂತ ಒಂದೇ ಸಮನೆ, ಆಮೇಲೆ ಮೌನ. ಸದ್ದು ಅಂದರೆ ನೀರು, ಮೌನ ಅಂದರೆ ನೀರು ಮುಗಿದದ್ದು. ಆಮೇಲೆ ಅವಳು ಎರಡು ಪರೀಕ್ಷೆ ತೋರಿಸಿದಳು. ಒಂದು ಕರಿಬೇವಿನ ಎಲೆ ತೆಗೆದು ಮುರಿದರೆ ಹಪ್ಪಳದ ಹಾಗೆ ಪುಡಿಯಾಗಬೇಕು, ಬಾಗಿದರೆ ಇನ್ನೂ ಆಗಿಲ್ಲ. ತಳದ ಗಸಿಯನ್ನ ಚಿಟಿಕೆ ತಗೊಂಡು ಬತ್ತಿಯ ಹಾಗೆ ಹೊಸೆದು ಬೆಂಕಿಗೆ ಹಿಡಿದರೆ ಸದ್ದಿಲ್ಲದೆ ಉರೀಬೇಕು, ಚಟಚಟ ಅಂದರೆ ಇನ್ನೂ ನೀರಿದೆ.

ಬೆಂಗಳೂರಿಗೆ ಬಂದ ಮೇಲೆ ಹುಡುಕಿದರೆ, ಈ ಬತ್ತಿಯ ಪರೀಕ್ಷೆ ಶಾರ್ಙ್ಗಧರ ಸಂಹಿತೆಯಲ್ಲಿ ತೈಲ ಮಾಡೋ ವಿಧಾನದಲ್ಲೇ ಇದೆ. ಗಸಿ ಬತ್ತಿಯಾಗಬೇಕು, ಬೆಂಕಿಯಲ್ಲಿ ಶಬ್ದ ಬರಬಾರದು ಅಂತ. ಪಾಕದಲ್ಲಿ ಮೃದು, ಮಧ್ಯಮ, ಖರ ಅಂತ ಮೂರು ಹದ. ಮೈಗೆ ತಲೆಗೆ ಹಚ್ಚೋ ಎಣ್ಣೆಗೆ ಹೇಳಿರೋದು ಖರಪಾಕ, ಅಂದರೆ ಗಸಿ ಚೆನ್ನಾಗಿ ಒಣಗಿ ಸ್ವಲ್ಪ ಗಟ್ಟಿಯಾದ ಹದ. ಅದನ್ನೂ ದಾಟಿ ಸುಟ್ಟರೆ ದಗ್ಧಪಾಕ, ಉಪಯೋಗಕ್ಕಿಲ್ಲ. "ಹತ್ತು ನಿಮಿಷ ಕುದಿಸಿ" ಅನ್ನೋ ವಿಡಿಯೋದವರು ಪ್ರತಿಯೊಂದು ಮಾತಿಗೂ ಆಯುರ್ವೇದ ಅಂತಾರಲ್ಲ, ಆ ಆಯುರ್ವೇದವನ್ನಾದರೂ ಓದಿದ್ದಾರಾ?

ಸೋಸಿ, ಪೂರ್ತಿ ತಣ್ಣಗಾದ ಮೇಲೆ ಒಣಗಿದ ಬಾಟಲಿಗೆ ತುಂಬಿದೆವು. ಗಸಿ ಕುಡಿದದ್ದು ಕಳೆದು ನಮಗೆ ಸಿಕ್ಕಿದ್ದು 440 ಮಿಲಿ. ಇಲ್ಲೊಂದು ಮಾತು. ಆ ಸುಂದರ ಹಸಿರು ಬಣ್ಣ ಬೆಳಕಿಗೆ ಸಿಕ್ಕರೆ ಎಣ್ಣೆಯನ್ನ ಬೇಗ ಕಮಟು ಮಾಡ್ತದೆ, ಎಲೆಯ ಹಸಿರಿಗೆ ಬೆಳಕು ಹೀರಿ ಸುತ್ತಲಿನ ಎಣ್ಣೆಯನ್ನ ಕೆಡಿಸೋ ಗುಣ ಇದೆ. ಅಮ್ಮ ಪಂಚೆಯ ತುಂಡು ಸುತ್ತೋದು ಒಡೀಬಾರದು ಅಂತ ಇರಬಹುದು, ಆದರೆ ಅದರಿಂದ ಆಗೋ ಉಪಕಾರ ಎರಡು. ಗಾಜಿನ ಬಾಟಲಿಯನ್ನ ಕಿಟಕಿಯಲ್ಲಿಟ್ಟು ಫೋಟೋ ತೆಗೆದು ಮಾರೋರ ಎಣ್ಣೆಯನ್ನ ನಾನಂತೂ ಕೊಳ್ಳೋದಿಲ್ಲ.

ಇಷ್ಟು ಹೊತ್ತು ಅಡಿಗೆಮನೆಯ ಕಥೆ ಆಯ್ತು. ಈಗ ನಾನು ಇದನ್ನ ಬರೆಯೋಕೆ ಕೂತ ನಿಜವಾದ ಕಾರಣ.

ಅಕ್ಕನಿಗೆ 2019ರ ಜನವರಿಯಲ್ಲಿ ಮಗಳು ಹುಟ್ಟಿದಳು. ಏಪ್ರಿಲ್‌ನಲ್ಲಿ ಕೂದಲು ಉದುರೋಕೆ ಶುರುವಾಯ್ತು. ಬಾಚಿದರೆ ಬಾಚಣಿಗೆ ತುಂಬ, ಸ್ನಾನ ಮಾಡಿದರೆ ಬಚ್ಚಲ ಜಾಲರಿ ತುಂಬ. ಮನೆಯವರೆಲ್ಲ ಗಾಬರಿ. ಜೂನ್‌ನಲ್ಲಿ ಅಮ್ಮ ಎಣ್ಣೆ ಕಾಯಿಸಿ ಕೊಟ್ಟಳು. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಉದುರೋದು ನಿಂತು, ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಹೊಸ ಕೂದಲು ಕಾಣಿಸಿಕೊಂಡವು. ಅವತ್ತಿಂದ ನಮ್ಮ ಮನೆಯಲ್ಲಿ, ನೆಂಟರಲ್ಲಿ, ಓಣಿಯಲ್ಲಿ ಈ ಎಣ್ಣೆ ಸಂಜೀವಿನಿ ಆಗಿಬಿಟ್ಟಿತು.

ನಡೆದದ್ದು ಬೇರೆ. ಬಸುರಿನಲ್ಲಿ ಉದುರದೆ ಉಳಿದ ಕೂದಲೆಲ್ಲ ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಒಟ್ಟಿಗೇ ಉದುರ್ತವೆ. ಜೋರು ಜ್ವರ, ದೊಡ್ಡ ಆಪರೇಷನ್ ಆದ ಮೇಲೂ ಹೀಗೆ ಆಗೋದುಂಟು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗ್ತದೆ. ಉದುರೋದು ವಿಪರೀತ ಆದಾಗಲೇ ಮನೆಯವರು ಎಣ್ಣೆ ಹುಡುಕೋದು. ಅಷ್ಟರಲ್ಲಿ ಅದು ಇಳಿಯೋ ಸಮಯವೂ ಹತ್ತಿರ ಬಂದಿರ್ತದೆ. ಶ್ರೇಯಸ್ಸು ಕೊನೆಗೆ ಬಂದ ಎಣ್ಣೆಗೆ. ನಮ್ಮ ಆಫೀಸಿನಲ್ಲೂ ಇದೇ ನಡೀತದೆ. ಸರ್ವರ್ ತಾನಾಗೇ ಸರಿಹೋಗೋಕೆ ಐದು ನಿಮಿಷ ಮುಂಚೆ ಯಾರು ಏನು ಬದಲಾಯಿಸಿದ್ದರೋ ಅವರೇ ಹೀರೋ.

ಇಲ್ಲಿಗೆ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ 2022ರಲ್ಲಿ ಅಕ್ಕನ ಕೂದಲು ಮತ್ತೆ ಉದುರೋಕೆ ಶುರುವಾಯ್ತು. ಈ ಸಲ ಹೆರಿಗೆ ಇಲ್ಲ, ಜ್ವರ ಇಲ್ಲ. ಆದರೆ ಸಂಜೀವಿನಿ ಇತ್ತಲ್ಲ! ಎಂಟು ತಿಂಗಳು ಎಣ್ಣೆ ಹಚ್ಚಿದಳು. ಊರಿಂದ ಅವಳ ಮನೆಗೆ ಬಾಟಲಿ ಹೊತ್ತುಕೊಂಡು ಹೋದವನು ನಾನೇ. ಒಂದು ಸಲ ಹೋದಾಗ ಅವಳು ಎರಡನೇ ಮಹಡಿಗೆ ಹತ್ತಿ ಬಂದು ಬಾಗಿಲಲ್ಲೇ ಕೂತುಬಿಟ್ಟಳು. ಏದುಸಿರು. ಮುಖ ಬಿಳಚಿಕೊಂಡಿತ್ತು. "ಎಂತಾಯ್ತೇ ಅಕ್ಕ?" ಅಂದರೆ "ಎಂತ ಇಲ್ಲ, ನಿದ್ದೆ ಸಾಲ್ತಿಲ್ಲ" ಅಂದಳು. ನಾನೂ ಅಷ್ಟಕ್ಕೇ ಸುಮ್ಮನಾದೆ, ಬಾಟಲಿ ಕೊಟ್ಟು ಬಂದೆ.

ಕೊನೆಗೆ ಭಾವ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಕೂದಲಿಗಲ್ಲ, ತಲೆಸುತ್ತಿಗೆ. ಹಿಮೋಗ್ಲೋಬಿನ್ 7.4. ಹೆಂಗಸರಿಗೆ 12 ಆದರೂ ಇರಬೇಕು. ತಿಂಗಳ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗ್ತಿತ್ತು, ಅವಳು ಯಾರಿಗೂ ಹೇಳಿರಲಿಲ್ಲ. ಮೈಯಲ್ಲಿ ಕಬ್ಬಿಣ ಬರಿದಾಗಿತ್ತು. ಡಾಕ್ಟರು "ಕೂದಲು ಯಾವಾಗಿಂದ ಉದುರ್ತಿದೆ?" ಅಂತ ಕೇಳಿದಾಗ ಅವಳು "ಎಂಟು ತಿಂಗಳಾಯ್ತು" ಅಂದಳಂತೆ. "ಅವತ್ತೇ ಬರಬೇಕಿತ್ತಲ್ಲಮ್ಮ" ಅಂದರಂತೆ ಅವರು. ರಕ್ತಸ್ರಾವಕ್ಕೆ ಚಿಕಿತ್ಸೆ, ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ. ಮೊದಲು ಏದುಸಿರು ಹೋಯ್ತು, ನಾಲ್ಕೈದು ತಿಂಗಳಿಗೆ ಕೂದಲು ಉದುರೋದೂ ಕಡಿಮೆಯಾಯ್ತು.

ಎಣ್ಣೆ ಅಕ್ಕನಿಗೆ ಏನೂ ಕೆಟ್ಟದ್ದು ಮಾಡಲಿಲ್ಲ. ಎಣ್ಣೆಯ ಮೇಲೆ ನಾವು ಹೊರಿಸಿದ ಸುಳ್ಳು ಮಾಡಿತು. ಕೂದಲು ಉದುರುವುದು ಕೆಲವು ಸಲ ಮೈ ಬರೆಯೋ ಕಾಗದ. ನಾವು ಅದನ್ನ ಓದದೆ ಎಂಟು ತಿಂಗಳು ಅದರ ಮೇಲೆ ಎಣ್ಣೆ ಸುರಿದೆವು. "ಮೂರು ತಿಂಗಳು ತಾಳ್ಮೆಯಿಂದ ಹಚ್ಚಿ, ಫಲ ಸಿಕ್ಕೇ ಸಿಗ್ತದೆ" ಅಂತ ಬರೆಯೋರಿಗೆ ಆ ಮೂರು ತಿಂಗಳ ಬೆಲೆ ಗೊತ್ತಿದೆಯಾ? ಕೆಲವರಿಗೆ ಅದು ರಕ್ತಹೀನತೆ, ಕೆಲವರಿಗೆ ಥೈರಾಯ್ಡು, ನನ್ನಂಥವರಿಗೆ ಅಪ್ಪ ಅಜ್ಜಂದಿರಿಂದ ಬಂದ ಬೋಳು. ಕೊನೆಯದಕ್ಕೆ ಔಷಧ ಇದೆ, ಅದೂ ಬೇಗ ಶುರುಮಾಡಿದಷ್ಟು ಒಳ್ಳೆಯದು, ಡಾಕ್ಟರನ್ನ ಕೇಳಿ ತಗೊಳ್ಳಬೇಕು. ಎಣ್ಣೆ ಹಚ್ಚಿ ಕಾಯೋದರಿಂದ ಇದ್ದ ಕೂದಲೂ ಹೋಗ್ತದೆ.

ಹಾಗಾದರೆ ಎಣ್ಣೆಯ ಕೆಲಸ ಯಾವುದು, ಡಾಕ್ಟರ ಕೆಲಸ ಯಾವುದು ಅಂತ ಮನೆಯಲ್ಲೇ ಹೇಗೆ ತಿಳಿಯೋದು? ಬಾಚಣಿಗೆಗೆ ಬಂದ ಕೂದಲನ್ನ ಎಸೆಯೋ ಮುಂಚೆ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳೀ ಗಂಟು ಇದ್ದರೆ ಅದು ಬೇರಿನಿಂದ ಬಂದದ್ದು, ಅಂದರೆ ಉದುರಿದ್ದು. ಗಂಟಿಲ್ಲದೆ ಗಿಡ್ಡಗಿದ್ದರೆ ಅದು ನಡುವೆ ತುಂಡಾದದ್ದು. ದಿನಕ್ಕೆ ಐವತ್ತರಿಂದ ನೂರು ಗಂಟಿನ ಕೂದಲು ಬೀಳೋದು ಎಲ್ಲರಿಗೂ ಸಹಜ, ಹೆದರಬೇಡಿ. ಅದಕ್ಕಿಂತ ತುಂಬಾ ಹೆಚ್ಚಾಗಿ, ವಾರಗಟ್ಟಲೆ ಬೀಳ್ತಿದ್ದರೆ, ಜೊತೆಗೆ ಸುಸ್ತು ಏದುಸಿರು ಇದ್ದರೆ, ರಕ್ತ ಪರೀಕ್ಷೆ ಮಾಡಿಸಿ. ತುಂಡು ತುಂಡು ಬೀಳ್ತಿದ್ದರೆ, ತುದಿ ಸೀಳಿದ್ದರೆ, ಬೋರ್‌ವೆಲ್ ನೀರಿಗೆ ಒರಟಾಗಿದ್ದರೆ, ಅದು ಈ ಎಣ್ಣೆಯ ಕ್ಷೇತ್ರ. ಸ್ನಾನಕ್ಕೆ ಕೆಲವು ಗಂಟೆ ಮುಂಚೆ, ನೆತ್ತಿಗಿಂತ ಹೆಚ್ಚಾಗಿ ಉದ್ದಕ್ಕೆ, ತುದಿಗೆ ಹಚ್ಚಿ, ಆಮೇಲೆ ತೊಳೀರಿ. ತಲೆಯಲ್ಲಿ ಹೊಟ್ಟು ಜಾಸ್ತಿ ಇದ್ದರೆ ಬುಡಕ್ಕೆ ಹಚ್ಚೋದೇ ಬೇಡ. ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬೇ ಊಟ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಾಗಾದ್ರೆ ನಾನು ಎಣ್ಣೆ ಕಾಯ್ಸೋದೇ ಬೇಡ್ವನಾ?" ಅಂದಳು. ಆ ಪ್ರಶ್ನೆಗೆ ನನಗೆ ನಿಜಕ್ಕೂ ಬೇಜಾರಾಯ್ತು, ಯಾಕಂದರೆ ನಾನು ಹೇಳಿದ್ದು ಅದಲ್ಲ. ಬೇಕು ಅಮ್ಮ, ಕಾಯಿಸು. ಸದ್ದು ನಿಂತದ್ದನ್ನ ಬೆನ್ನು ತಿರುಗಿಸಿಕೊಂಡೇ ಕೇಳಿಸಿಕೊಳ್ಳೋ ನಿನ್ನ ಕಿವಿ ನನಗೆ ಬರೋದಿಲ್ಲ. ಬಾಟಲಿ ಕೊಡುವಾಗ ಆ ಒಂದು ಮಾತು ಮಾತ್ರ ಬದಲಾಯಿಸು. "ಕೂದಲು ಬರ್ತದೆ" ಅನ್ನಬೇಡ, "ಇರೋ ಕೂದಲು ಚೆನ್ನಾಗಿರ್ತದೆ" ಅನ್ನು. ಯಾರಾದರೂ ಉದುರ್ತಿದೆ ಅಂತ ಬಂದು ಕೇಳಿದರೆ, ಬಾಟಲಿ ಕೊಡೋ ಮುಂಚೆ "ಸುಸ್ತಾಗ್ತದಾ ಮಾರಾಯ್ತಿ?" ಅಂತ ಒಂದು ಸಲ ಕೇಳು.

ಬ್ಲಾಗಿನ ಗೆಳೆಯರಿಗೂ ಇದೇ ಮಾತು. ಮನೆಮದ್ದಿನ ಬಗ್ಗೆ ಬರೀತೀರಿ, ನಾನೂ ಓದ್ತೀನಿ, ಚೆನ್ನಾಗಿರ್ತದೆ. ಮುಂದಿನ ಸಲ ಈ ಎಣ್ಣೆಯ ಬಗ್ಗೆ ಬರೆದರೆ ಹೂವು ಎಷ್ಟು ಅಂತ ಬರೆದ ಹಾಗೇ ಯಾವಾಗ ಒಲೆ ಆರಿಸಬೇಕು ಅಂತಲೂ ಬರೀರಿ. ಯಾವಾಗ ಎಣ್ಣೆ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು ಅಂತ ಒಂದು ಸಾಲಾದರೂ ಸೇರಿಸಿ. ಅಂಥ ಒಂದು ಸಾಲು 2022ರಲ್ಲಿ ನಮ್ಮ ಅಕ್ಕನ ಕಣ್ಣಿಗೆ ಬಿದ್ದಿದ್ದರೆ ಅಂತ ಆಗಾಗ ಅನ್ನಿಸ್ತದೆ.

ನಾಳೆ ಭಾನುವಾರ. ಅಮ್ಮನ ಬಾಟಲಿ ತೆಗೀತೀನಿ, ಉಳಿದಿರೋ ನಾಲ್ಕು ಕೂದಲಿಗೆ ಹಚ್ಚಿಕೊಳ್ತೀನಿ. ಹಣೆಯ ಬಗ್ಗೆ ಎಣ್ಣೆಯ ಹತ್ತಿರ ಏನೂ ಕೇಳೋದಿಲ್ಲ :-)

ಏನಂತೀರಾ?